ಹಳದಿ ಉಗುರು: ಮಾತ್ರೆ ಸೋತಿದೆಯೇ?

“ಉಗುರಿನ ಶಿಲೀಂಧ್ರ ಸೋಂಕಿಗೆ ಎರಡು ತಿಂಗಳಿಂದ ಟೆರ್ಬಿನಫೈನ್ ಮಾತ್ರೆ ನುಂಗುತ್ತಿದ್ದೇನೆ. ಕಾಲಿನ ಹೆಬ್ಬೆರಳ ಉಗುರು ಇನ್ನೂ ಹಳದಿ, ದಪ್ಪ. ಹಿಂದೊಮ್ಮೆ ವಾಸಿಯಾಗಿ ಮರಳಿ ಬಂದದ್ದು. ಮಾತ್ರೆ ನಿಲ್ಲಿಸಲೇ?”

ಬಹುಶಃ ಔಷಧಿ ಸೋತಿಲ್ಲ, ಉಗುರು ನಿಧಾನ. ಶಿಲೀಂಧ್ರ ಸತ್ತರೂ ಕೆಟ್ಟ ಉಗುರು ತಿಳಿಯಾಗುವುದಿಲ್ಲ. ಬುಡದಿಂದ ಹೊಸದು ಬೆಳೆದು ಅದನ್ನು ಮುಂದೆ ತಳ್ಳಬೇಕು. ಕಾಲಿನ ಹೆಬ್ಬೆರಳ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್ ಅಷ್ಟೇ. ಮಾತ್ರೆ ಸಾಮಾನ್ಯವಾಗಿ 12 ವಾರ, ಉಗುರು ಪೂರ್ತಿ ಬದಲಾಗಲು 12ರಿಂದ 18 ತಿಂಗಳು.

ಇಂದೇ ಬುಡದ ತಿಳಿ ಭಾಗ ಹಳದಿಗೆ ಸೇರುವಲ್ಲಿ ಅರದಿಂದ ಸಣ್ಣ ಗೀರು ಹಾಕಿ. ತಿಂಗಳಾದ ಮೇಲೆ ಗೀರಿನ ಹಿಂದೆಲ್ಲ ತಿಳಿಯಾಗಿಯೇ ಇದ್ದರೆ ಗೆಲ್ಲುತ್ತಿದ್ದೀರಿ. ಹಳದಿ ಗೀರು ದಾಟಿ ಬುಡದತ್ತ ಬಂದಿದ್ದರೆ ಚರ್ಮವೈದ್ಯರ ಬಳಿ ಹೋಗಿ.

ಮೊದಲು ಉಗುರಿನ ಚೂರನ್ನು ಪರೀಕ್ಷೆಗೆ ಕಳಿಸಿದ್ದರೇ? ಇಲ್ಲವಾದರೆ ಶಿಲೀಂಧ್ರವೇ ಎಂದು ನಾನು ಖಚಿತವಾಗಿ ಹೇಳಲಾರೆ. ಸೋರಿಯಾಸಿಸ್, ಬಿಗಿ ಬೂಟಿನ ಪೆಟ್ಟು ಕೂಡ ಹೀಗೆಯೇ ಕಾಣುತ್ತವೆ. ಯಕೃತ್ತಿನ ರಕ್ತಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಮೂತ್ರ ಗಾಢವಾದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ತಕ್ಷಣ ತೋರಿಸಿ. ಅದಿಲ್ಲದಿದ್ದರೆ ನೀವಾಗಿ ನಿಲ್ಲಿಸಬೇಡಿ.

ಮರಳಿ ಬರುವುದಕ್ಕೆ ನಾನು ಕಂಡಂತೆ ಮುಖ್ಯ ಕಾರಣ ಬೆರಳ ಸಂದಿ. ಅಲ್ಲಿ ಬೆಳ್ಳಗೆ ನೆನೆದು ಸುಲಿಯುವ ಚರ್ಮವೂ ಹೆಚ್ಚಾಗಿ ಅದೇ ಸೋಂಕು. ನನ್ನ ಉಗುರು ಒಮ್ಮೆ ವಾಸಿಯಾಗಿ ಮತ್ತೆ ಕೆಟ್ಟದ್ದು ಆ ಸಂದಿಯನ್ನು ಅಲಕ್ಷಿಸಿದ್ದರಿಂದ. ಅದಕ್ಕೆ ಬೇರೆಯಾಗಿ ಮುಲಾಮು ಹಚ್ಚಿ, ಸ್ನಾನದ ನಂತರ ಒರೆಸಿ ಒಣಗಿಸಿ. ಬೆವರು ಹಿಡಿದ ಹಳೆಯ ಬೂಟು ಎಸೆಯಿರಿ. ಮನೆಯವರ ಪಾದಗಳನ್ನೂ ನೋಡಿ. ಮಧುಮೇಹವಿದ್ದರೆ ದಪ್ಪ ಉಗುರನ್ನು ನೀವೇ ಕತ್ತರಿಸಬೇಡಿ.