5×7 ಬಾತ್‌ರೂಮಿಗೆ ಗಾಜೋ ಪರದೆಯೋ: ಬಾಗಿಲು ಎಲ್ಲಿ ತೆರೆಯುತ್ತೆ ಅಂತ ಮೊದಲು ನೋಡಿ

ಪ್ರಶ್ನೆ: "ನಮ್ಮ ಬಾತ್‌ರೂಮ್ 5 ಅಡಿ ಅಗಲ, 7 ಅಡಿ ಉದ್ದ. ಕೊನೆಯ 3 ಅಡಿ ಸ್ನಾನಕ್ಕೆ. ಅದಕ್ಕೆ ತಾಗಿದ ಹಾಗೆ ಎಡಗೋಡೆಗೆ ಕಮೋಡ್, ಗೋಡೆಯಿಂದ 27 ಇಂಚು ಮುಂದೆ ಬರುತ್ತೆ. ರೂಮಿನ ಬಾಗಿಲು 28 ಇಂಚು, ಬಲಮೂಲೆಯಲ್ಲಿ, ಒಳಗೆ ತೆರೆಯುತ್ತೆ. ಸ್ನಾನ ಮಾಡಿದರೆ ಎಲ್ಲಾ ಕಡೆ ನೀರು. ಪರದೆ ಸಾಕಾ, ಗಾಜು ಹಾಕಿಸಬೇಕಾ? ಗಾಜಾದರೆ ಫ್ರೇಮ್, ಫ್ರೇಮ್‌ಲೆಸ್, ಸ್ಲೈಡಿಂಗ್ ಮೂರರಲ್ಲಿ ಯಾವುದು?"

ನಮಸ್ಕಾರ. ಅಳತೆ ಸಮೇತ ಬರೆದಿದ್ದೀರಿ, ಅದರಿಂದ ಅರ್ಧ ಕೆಲಸ ಸುಲಭ ಆಯಿತು. ನಾನು ಗ್ಲಾಸ್ ಫಿಟಿಂಗ್ ಕೆಲಸದಲ್ಲಿ ಇರುವವನು. ಈ ಪ್ರಶ್ನೆಗೆ ಗುಂಪಿನಲ್ಲಿ ಈಗಾಗಲೇ ಕೆಲವರು ಉತ್ತರ ಬರೆದಿದ್ದಾರೆ, ಅವರ ಮಾತನ್ನೂ ಸೇರಿಸಿಕೊಂಡು ನನಗೆ ತೋಚಿದ್ದು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಅಂಗಡಿಯಲ್ಲಿ ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತೋರಿಸುತ್ತಾರೆ, ಅಲ್ಲೇ ಗೊಂದಲ ಶುರು. ಇಲ್ಲಿ ತೀರ್ಮಾನ ಎರಡು. ಬಾಗಿಲು ಹಿಂಜ್ ಮೇಲೆ ತೆರೆಯಬೇಕಾ, ಪಕ್ಕಕ್ಕೆ ಜರುಗಬೇಕಾ ಅನ್ನೋದು ಒಂದು. ಅದನ್ನು ನಿಮ್ಮ ನೆಲದಲ್ಲಿರುವ ಜಾಗ ಹೇಳುತ್ತೆ. ಗಾಜಿಗೆ ಸುತ್ತ ಅಲ್ಯೂಮಿನಿಯಂ ಫ್ರೇಮ್ ಬೇಕಾ ಬೇಡವಾ ಅನ್ನೋದು ಇನ್ನೊಂದು. ಅದನ್ನು ನಿಮ್ಮ ಗೋಡೆ ಹೇಳುತ್ತೆ. ಸ್ಲೈಡಿಂಗ್ ಬಾಗಿಲು ಫ್ರೇಮ್ ಇದ್ದೂ ಬರುತ್ತೆ, ಇಲ್ಲದೆಯೂ ಬರುತ್ತೆ.

ಮೊದಲು ಹಿಂಜ್ ಬಾಗಿಲು ನೋಡೋಣ. 60 ಇಂಚಿನಲ್ಲಿ ಎಡಗಡೆ 36 ಇಂಚು ಕದಲದ ಗಾಜು, ಬಲಗಡೆ 24 ಇಂಚಿನ ಬಾಗಿಲು ಅಂತ ಇಟ್ಟುಕೊಳ್ಳಿ. ಹಿಂಜ್ ಬಲಗೋಡೆಗೆ. ಬಾಗಿಲು ಹೊರಗೆ ತೆರೆದರೆ ಕಮೋಡಿಗೆ ತಾಗಲ್ಲ, ಮಧ್ಯೆ 9 ಇಂಚು ಉಳಿಯುತ್ತೆ. ಇಷ್ಟು ನೋಡಿ ಎಷ್ಟೋ ಜನ ಆರ್ಡರ್ ಕೊಟ್ಟುಬಿಡುತ್ತಾರೆ. ಆದರೆ ಅದೇ ಬಲಗೋಡೆಯ ಕಡೆಗೇ ರೂಮಿನ ಬಾಗಿಲೂ ತೆರೆಯುತ್ತೆ, ಅಲ್ವಾ? ಸ್ನಾನದ ಜಾಗ ಬಿಟ್ಟು ಉಳಿಯೋದು 48 ಇಂಚು. ಗಾಜಿನ ಬಾಗಿಲು 24, ರೂಮಿನ ಬಾಗಿಲು 28, ಸೇರಿ 52. ಎರಡೂ ಒಟ್ಟಿಗೆ ತೆರೆದರೆ 4 ಇಂಚು ಡಿಕ್ಕಿ. ಒಳಗೊಬ್ಬರು ಗಾಜಿನ ಬಾಗಿಲು ತೆರೆದಿದ್ದಾಗ ಹೊರಗಿನಿಂದ ಮಗು ಬಾಗಿಲು ತಳ್ಳಿದರೆ ಮರದ ಅಂಚು ನೇರವಾಗಿ ಗಾಜಿನ ಅಂಚಿಗೆ ಹೊಡೆಯುತ್ತೆ. ಬಚ್ಚಲಿಗೆ ಹಾಕೋದು ಟಫನ್ಡ್ ಗಾಜು, ಅಂದರೆ ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು. ಅದರ ಮಧ್ಯಕ್ಕೆ ಗುದ್ದಿದರೂ ತಡೆದುಕೊಳ್ಳುತ್ತೆ, ಅಂಚಿಗೆ ಬಿದ್ದ ಸಣ್ಣ ಪೆಟ್ಟಿಗೆ ಪುಡಿಪುಡಿ ಆಗುತ್ತೆ.

ಕಾಂಟ್ರಾಕ್ಟರ್ ಅಣ್ಣ ಮೇಲೆ "ಹಾಗಾದರೆ ಒಳಗೆ ತೆರೆಯೋ ಹಾಗೆ ಮಾಡಿಸಿ" ಅಂದಿದ್ದಾರೆ. ಜಾಗದ ಲೆಕ್ಕದಲ್ಲಿ ಸರಿ, 3 ಅಡಿ ಆಳದಲ್ಲಿ 24 ಇಂಚಿನ ಬಾಗಿಲು ಆಡುತ್ತೆ. ಆದರೆ ಒಳಗೆ ಯಾರಾದರೂ ಜಾರಿ ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನವರಿಗೆ ತೆಗೆಯೋಕೆ ಆಗಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಬರೀ ಒಳಗೆ ತೆರೆಯೋ ಬಾಗಿಲು ನಾನಂತೂ ಹಾಕಲ್ಲ. ಎರಡೂ ಕಡೆ ಆಡುವ ಹಿಂಜ್ ಇದೆ, ಆದರೆ ಅದು ಹೊರಗೂ ಬರೋದರಿಂದ ಡಿಕ್ಕಿ ತಪ್ಪಿದ್ದಲ್ಲ. ರೂಮಿನ ಬಾಗಿಲನ್ನೇ ಹೊರಗೆ ತೆರೆಯುವ ಹಾಗೆ ತಿರುಗಿಸಬಹುದಾದರೆ ಮಾತು ಬೇರೆ. ಚೌಕಟ್ಟು ಬದಲಿಸುವಾಗಲೇ ಆದರೆ ಅದು ದೊಡ್ಡ ಕೆಲಸ ಅಲ್ಲ.

ಇಲ್ಲದಿದ್ದರೆ ನಿಮ್ಮ ಜಾಗಕ್ಕೆ ಸ್ಲೈಡಿಂಗ್. 60 ಇಂಚಿಗೆ ಎರಡು ಗಾಜು, ಒಂದೊಂದೂ ಸುಮಾರು 31 ಇಂಚು, ಮಧ್ಯೆ 2 ಇಂಚು ಒಂದರ ಮೇಲೊಂದು ಬರುತ್ತೆ. ಬಾಗಿಲು ಪೂರ್ತಿ ಸರಿಸಿದಾಗ ಹಿಡಿಕೆ ಅಡ್ಡ ಬರೋದನ್ನು ಕಳೆದು 25 ಇಂಚಿನ ಆಸುಪಾಸು ದಾರಿ ಸಿಗುತ್ತೆ. ಓಡಾಡಲು ಸಾಕು.

ಇಲ್ಲಿ ಅಕ್ಕ ಒಬ್ಬರು ತಮ್ಮ ಮೂಲೆಯ ಬಚ್ಚಲಿನ ಫೋಟೋ ಹಾಕಿ "ನಮ್ಮಲ್ಲಿ ಸ್ಲೈಡಿಂಗ್ ಹಾಕಿಸಿ ಪಕ್ಕಕ್ಕೆ ತಿರುಗಿ ನುಗ್ಗಬೇಕಾಗಿದೆ, ಯಾರೂ ಹಾಕಿಸಬೇಡಿ" ಅಂತ ಬರೆದಿದ್ದಾರೆ. ಅಕ್ಕ, ನಿಮ್ಮದು 3 ಅಡಿ ಅಗಲ. ಅಲ್ಲಿ ಅರ್ಧ ಗಾಜೇ ತಿಂದು ದಾರಿಗೆ ಉಳಿಯೋದು 14-15 ಇಂಚು. ಬಾಗಿಲಿನ ತಪ್ಪಿಲ್ಲ, ಆ ಅಳತೆಗೆ ಅದು ಹೊಂದಲ್ಲ ಅಷ್ಟೇ. ನಾಲ್ಕು ಅಡಿಗಿಂತ ಕಡಿಮೆ ಇದ್ದಲ್ಲಿ ಎರಡು ಗಾಜಿನ ಸ್ಲೈಡಿಂಗ್ ಯೋಚನೆ ಬಿಡಬೇಕು. ಈ ಪ್ರಶ್ನೆ ಕೇಳಿದವರದು 5 ಅಡಿ, ಅವರಿಗೆ ಆ ತೊಂದರೆ ಇಲ್ಲ.

ಸ್ಲೈಡಿಂಗ್‌ನಲ್ಲಿ ಫಿಟ್ಟರ್‌ಗೆ ಮೊದಲೇ ಹೇಳಬೇಕಾದ ಒಂದು ಮಾತಿದೆ. ಶವರ್ ಪಕ್ಕದ ಗೋಡೆಯಲ್ಲಿದ್ದರೆ, ಆ ಗೋಡೆಯ ಕಡೆ ಇರುವ ಗಾಜು ಒಳಗಿನ ಗಾಜಾಗಿರಲಿ. ಆಗ ಎರಡು ಗಾಜಿನ ನಡುವಿನ ಸಂದು ಶವರಿಗೆ ಬೆನ್ನು ಹಾಕಿರುತ್ತೆ, ನೀರು ಅದನ್ನು ದಾಟಿ ಮುಂದೆ ಹೋಗುತ್ತೆ. ಉಲ್ಟಾ ಹಾಕಿದರೆ ನೀರು ನೇರ ಸಂದಿಗೇ ನುಗ್ಗುತ್ತೆ.

ಈಗ ಫ್ರೇಮ್ ವಿಷಯ. ದಾರಕ್ಕೆ ಕಟ್ಟಿದ ಒಂದು ತೂಕದ ಗುಂಡು ತಗೊಂಡು ಗಾಜು ಬರುವ ಗೆರೆಯಲ್ಲಿ ಎರಡೂ ಗೋಡೆಗೆ ಬಿಟ್ಟು ನೋಡಿ. ಆಮೇಲೆ ಗೋಡೆಯಿಂದ ಗೋಡೆಗೆ ಅಗಲವನ್ನು ಕೆಳಗೆ, ಸೊಂಟದ ಹತ್ತಿರ, ತಲೆ ಮೇಲೆ, ಮೂರು ಕಡೆ ಅಳೆಯಿರಿ. ಮೂರೂ ಒಂದೇ ಬಂದರೆ ನಿಮ್ಮ ಗಾರೆಯವರಿಗೆ ನಮಸ್ಕಾರ ಹೇಳಿ. ಸಾಮಾನ್ಯವಾಗಿ ಬರಲ್ಲ. ಫ್ರೇಮ್ ಇರುವ ಬಾಗಿಲಿನಲ್ಲಿ ಗೋಡೆಗೆ ಬಡಿಯುವ ಚಾನೆಲ್ ಒಳಗೆ ಇನ್ನೊಂದು ಪಟ್ಟಿ ಜರುಗುತ್ತೆ. ಗೋಡೆ ಅರ್ಧ ಇಂಚು ಓರೆ ಇದ್ದರೂ ಅದು ನುಂಗಿಕೊಳ್ಳುತ್ತೆ. ಫ್ರೇಮ್‌ಲೆಸ್‌ಗೆ ಆ ಉಪಾಯ ಇಲ್ಲ. ಗೋಡೆ ಓರೆ ಇದ್ದಷ್ಟೂ ಗಾಜನ್ನೇ ಓರೆಯಾಗಿ ಕತ್ತರಿಸಿ ತರಬೇಕು. ಟಫನ್ ಮಾಡಿದ ಮೇಲೆ ಗಾಜನ್ನು ಕತ್ತರಿಸೋಕೂ ಆಗಲ್ಲ, ತೂತು ಕೊರೆಯೋಕೂ ಆಗಲ್ಲ. ಅದಕ್ಕೇ ಟೈಲ್ಸ್ ಮುಗಿಯುವ ಮೊದಲು, ಪ್ಲಾನ್ ನೋಡಿ ಅಳತೆ ಬರೆದುಕೊಂಡು ಹೋಗುವವರಿಗೆ ಆರ್ಡರ್ ಕೊಡಬೇಡಿ.

ಫ್ರೇಮ್‌ಲೆಸ್‌ನ ಇನ್ನೊಂದು ಪ್ರಶ್ನೆ ಭಾರ. ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಒಂದು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತೆ. 24 ಇಂಚು ಅಗಲ, ಆರೂವರೆ ಅಡಿ ಎತ್ತರದ ಬಾಗಿಲು 10 ಮಿಮೀ ದಪ್ಪ ಇದ್ದರೆ ಹತ್ತಿರ ಹತ್ತಿರ 30 ಕಿಲೋ. ಅಷ್ಟೂ ಎರಡು ಹಿಂಜ್ ಮೇಲೆ, ಹಿಂಜ್ ನಾಲ್ಕಾರು ಸ್ಕ್ರೂ ಮೇಲೆ. ಗಟ್ಟಿ ಇಟ್ಟಿಗೆಯ ಗೋಡೆಯಾದರೆ ಚಿಂತೆ ಇಲ್ಲ. ಟೊಳ್ಳು ಬ್ಲಾಕ್ ಅಥವಾ ಹಗುರ ಬ್ಲಾಕ್ ಆದರೆ ಸ್ಕ್ರೂ ಹಿಡಿಯೋಕೆ ಗೋಡೆಯ ತೂತಿಗೆ ಹಾಕುವ ಮಾಮೂಲಿ ಪ್ಲಗ್ ನಿಧಾನಕ್ಕೆ ಸಡಿಲ ಆಗುತ್ತೆ. ಗೊತ್ತಾಗೋದು ಹೇಗೆ ಅಂದರೆ, ಬಾಗಿಲಿನ ಹಿಡಿಕೆ ಕಡೆಯ ಮೂಲೆ ದಿನದಿಂದ ದಿನಕ್ಕೆ ಇಳಿದು ಕೆಳಗಿನ ಪಟ್ಟಿಗೆ ಉಜ್ಜೋಕೆ ಶುರು ಮಾಡುತ್ತೆ. ಆ ಸದ್ದು ಬಂದ ದಿನವೇ ಬಾಗಿಲು ಬಳಸೋದು ನಿಲ್ಲಿಸಿ ಫಿಟ್ಟರ್‌ನ ಕರೆಸಿ.

"ಫ್ರೇಮ್ ಇದ್ದರೆ ಗಾಜು ಒಡೆಯಲ್ಲ" ಅಂತ ಮೇಲೆ ಒಬ್ಬರು ಖಡಾಖಂಡಿತ ಹೇಳಿದ್ದಾರೆ. ಅರ್ಧ ನಿಜ. ಫ್ರೇಮ್ ಅಂಚನ್ನು ಕಾಯುತ್ತೆ, ಅಂಚಿನ ಪೆಟ್ಟು ತಪ್ಪುತ್ತೆ. ಆದರೆ ಗಾಜು ಮಾಡುವಾಗಲೇ ಒಳಗೆ ಸೇರಿಕೊಂಡ ನಿಕಲ್ ಸಲ್ಫೈಡ್ ಕಣದಿಂದ ಯಾರೂ ಮುಟ್ಟದಿದ್ದರೂ ಒಂದು ದಿನ ಒಡೆಯಬಹುದು. ಅಪರೂಪ, ಆದರೆ ಫ್ರೇಮ್ ನೋಡಿ ಅದು ಬಿಡಲ್ಲ. ಗ್ಲಾಸ್ ಕೆಲಸದ ಇನ್ನೊಬ್ಬ ಸದಸ್ಯರು ಹೀಟ್ ಸೋಕ್ ಮಾಡಿದ ಗಾಜು ಕೇಳಿ ಅಂದಿದ್ದು ಅದಕ್ಕೇ. ಗಾಜನ್ನು ಮತ್ತೆ ಬಿಸಿ ಮಾಡಿ, ಒಡೆಯೋದಿದ್ದರೆ ಕಾರ್ಖಾನೆಯಲ್ಲೇ ಒಡೆಯಲಿ ಅಂತ ಬಿಡುತ್ತಾರೆ. ಖರ್ಚು ಜಾಸ್ತಿ. ಮನೆಯ ಬಚ್ಚಲಿಗೆ ಅಷ್ಟು ಬೇಕಾ ಅನ್ನೋದರಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ. ಬೇಕೇ ಬೇಕಾದ್ದು ಮೂಲೆಯಲ್ಲಿ ಟಫನ್ಡ್ ಅನ್ನೋ ಅಳಿಸದ ಗುರುತು. ಅದಿಲ್ಲದ ಗಾಜು ಎಷ್ಟೇ ದಪ್ಪ ಇದ್ದರೂ ಬಚ್ಚಲಿಗೆ ಬೇಡ.

ಫ್ರೇಮಿನ ಕಷ್ಟವನ್ನೂ ಹೇಳಬೇಕು. ಕೆಳಗಿನ ಟ್ರ್ಯಾಕಿನಲ್ಲಿ ಸೋಪಿನ ಗಸಿ, ಕೂದಲು ಸೇರಿ ಕಪ್ಪಾಗುತ್ತೆ. ನೀರು ಹೊರಹೋಗುವ ಸಣ್ಣ ತೂತುಗಳು ಕಟ್ಟಿಕೊಂಡರೆ ಟ್ರ್ಯಾಕ್ ತುಂಬಿ ಹೊರಗೆ ಚೆಲ್ಲುತ್ತೆ. ರೋಲರ್ ಮೇಲಿದ್ದು ಕೆಳಗೆ ಬರೀ ಒಂದು ಸಣ್ಣ ಗೈಡ್ ಇರುವ ಮಾದರಿ ತಗೊಂಡರೆ ಈ ಕಾಟ ಬಹಳ ಕಡಿಮೆ. ಕೆಲವದರಲ್ಲಿ ಗಾಜನ್ನು ಗೈಡಿನಿಂದ ಬಿಡಿಸಿ ಒಳಗೆ ವಾಲಿಸಿ ತೊಳೆಯಬಹುದು. ನೋಡುವಾಗ ಅದನ್ನು ಬಿಡಿಸಿ ತೋರಿಸೋಕೆ ಹೇಳಿ.

ನಿಮ್ಮ ಪ್ರಶ್ನೆಯಲ್ಲಿ ನೆಲದ ಇಳಿಜಾರಿನ ಮಾತೇ ಇಲ್ಲ. ಒಂದು ಮಗ್ ನೀರು ಗಾಜು ಬರುವ ಗೆರೆಯ ಒಳಗಡೆ ಸುರಿಯಿರಿ. ಅದು ಸ್ನಾನದ ಜಾಗದ ಡ್ರೇನ್ ಕಡೆ ಓಡಿದರೆ ಸರಿ. ಕಮೋಡ್ ಕಡೆ ಹರಿದರೆ ಯಾವ ಗಾಜೂ ನಿಮ್ಮ ಸಮಸ್ಯೆ ಬಗೆಹರಿಸಲ್ಲ, ನೀರು ಅಡಿಯಿಂದ ಹೋಗುತ್ತೆ. ಆಗ ಎರಡು ಇಂಚಿನ ಗ್ರಾನೈಟ್ ಪಟ್ಟಿ ಕೂರಿಸಿ ಅದರ ಮೇಲೆ ಗಾಜು ನಿಲ್ಲಿಸಬೇಕು. ಪಟ್ಟಿಯ ತಲೆ ಒಳಗಡೆಗೆ ಸ್ವಲ್ಪವೇ ವಾಲಿರಲಿ, ಉದ್ದಕ್ಕೆ ಮಾತ್ರ ಮಟ್ಟವಾಗಿರಲಿ. ಮಟ್ಟ ತಪ್ಪಿದರೆ ಸ್ಲೈಡಿಂಗ್ ಬಾಗಿಲಿನ ಕೆಳಗೆ ಒಂದು ಕಡೆ ಸಂದು ಉಳಿದು ಅಲ್ಲಿಂದಲೇ ನೀರು ಬರುತ್ತೆ.

ಇನ್ನು ಪರದೆ. ಸುಮ್ನೆ ಅಗ್ಗದ ಮಾಲು ಅಂತ ತಳ್ಳಿಹಾಕಬೇಡಿ. ನಿಮ್ಮಂಥ ಇಕ್ಕಟ್ಟಿನಲ್ಲಿ ಪೂರ್ತಿ ಸರಿಸಿದರೆ 60 ಇಂಚೂ ತೆರೆದುಕೊಳ್ಳುತ್ತೆ, ಯಾವ ಗಾಜೂ ಅಷ್ಟು ಜಾಗ ಬಿಡಲ್ಲ. ಕುರ್ಚಿ ಹಾಕಿ ಅಪ್ಪ ಅಮ್ಮನಿಗೆ ಸ್ನಾನ ಮಾಡಿಸಬೇಕಾದ ಮನೆಯಲ್ಲಿ ನಾನೇ ಪರದೆ ಹಾಕಿ ಅನ್ನುತ್ತೇನೆ. ಎಲ್ಲರೂ ಬೈಯೋದು ಅದು ಬಿಸಿನೀರು ಬಿಟ್ಟ ಕೂಡಲೇ ಒಳಗೆ ಉಬ್ಬಿ ಕಾಲಿಗೆ ಅಂಟುತ್ತೆ ಅಂತ. ಇದಕ್ಕೆ ಕಾರಣ ಹುಡುಕಿ ಡೇವಿಡ್ ಶ್ಮಿಟ್ ಅನ್ನೋ ವಿಜ್ಞಾನಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 2001ರಲ್ಲಿ ನಗಿಸುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ತಗೊಂಡರು. ಶವರಿನ ಹನಿಗಳು ಗಾಳಿಯನ್ನು ಸುಳಿಯಾಗಿ ತಿರುಗಿಸುತ್ತವೆ, ಸುಳಿಯ ನಡುವೆ ಒತ್ತಡ ಕಡಿಮೆ ಆಗಿ ಪರದೆಯನ್ನು ಎಳೆಯುತ್ತೆ ಅಂತ ಅವರ ಲೆಕ್ಕ. ಬಿಸಿಗಾಳಿ ಮೇಲೇಳೋದೂ ಕಾರಣ ಅನ್ನುವವರು ಇದ್ದಾರೆ. ಕಾರಣ ಏನೇ ಇರಲಿ, ಕೆಳ ಅಂಚಿನಲ್ಲಿ ತೂಕ ಇರುವ ದಪ್ಪ ಬಟ್ಟೆಯ ಪರದೆ ಕಡಿಮೆ ಅಂಟುತ್ತೆ. ಅಗಲ ದಾರಿಯ ಒಂದೂವರೆ ಪಟ್ಟು ಇರಲಿ, ನಿಮಗೆ 90 ಇಂಚು. ಕೆಳ ಅಂಚು ಗ್ರಾನೈಟ್ ಪಟ್ಟಿಯ ಒಳಗಡೆ ಇಳಿಬೀಳಲಿ, ನೆಲಕ್ಕೆ ತಾಗದೆ ಒಂದು ಇಂಚು ಮೇಲಿರಲಿ. ಸ್ನಾನ ಆದ ಮೇಲೆ ಗುಡ್ಡೆ ಮಾಡದೆ ಬಿಡಿಸಿ ಬಿಡಿ, ಇಲ್ಲದಿದ್ದರೆ ಮಡಿಕೆಯಲ್ಲಿ ಕಪ್ಪು ಬೂಷ್ಟು ಖಾತ್ರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಗ್ರಾನೈಟ್ ಪಟ್ಟಿ ಕೂರಿಸಿ, ಒಂದಿಷ್ಟು ದಿನ ಪರದೆ ಹಾಕಿ ನೋಡುತ್ತೇನೆ. ಹೊರಗೆ ನೀರು ಬರೋದು ತಪ್ಪಿದರೆ ಅಲ್ಲಿಗೇ ಬಿಡಬಹುದು. ಆಮೇಲೂ ಗಾಜು ಬೇಕು ಅನಿಸಿದರೆ ಮೇಲಿನ ರೋಲರ್ ಇರುವ, ಗೋಡೆ ಕಡೆ ಫ್ರೇಮ್ ಇರುವ ಸ್ಲೈಡಿಂಗ್, 8 ಮಿಮೀ ಗಾಜು. ಅದರಲ್ಲೂ ಮೇಲಿನ ರಾಡ್ ಎರಡು ಗೋಡೆಗಳ ಮೇಲೇ ನಿಲ್ಲೋದರಿಂದ ಗೋಡೆ ಯಾವ ಇಟ್ಟಿಗೆ ಅಂತ ಗೊತ್ತಾಗಬೇಕು. ಬಲಗೋಡೆ ಗಟ್ಟಿ ಇಟ್ಟಿಗೆಯೋ ಬ್ಲಾಕೋ? ಟೈಲ್ಸ್ ಹಿಂದೆ ಪೈಪ್ ಎಲ್ಲಿ ಹೋಗಿದೆ ಅನ್ನೋ ಫೋಟೋ ಇದ್ದರೆ ಅದನ್ನೂ ಹಾಕಿ, ತೂತು ಎಲ್ಲಿ ಕೊರೆಯಬಹುದು ಅಂತ ನೋಡಿ ಹೇಳುತ್ತೇನೆ.