ಪಿವೋಟ್ ಸೊನ್ನೆ ಆಗಿಲ್ಲ, ಆದರೂ ಉತ್ತರ ತಪ್ಪು ಯಾಕೆ?

ಪ್ರಶ್ನೆ: ಗಾಸಿಯನ್ ಎಲಿಮಿನೇಷನ್‌ಗೆ ನಾನೇ ಪ್ರೋಗ್ರಾಂ ಬರೆದಿದ್ದೇನೆ ಸರ್. ನನ್ನ ಮ್ಯಾಟ್ರಿಕ್ಸ್‌ನಲ್ಲಿ ಪಿವೋಟ್ ಎಲ್ಲೂ ಸೊನ್ನೆ ಆಗಲ್ಲ, ಅದಕ್ಕೇ ಸಾಲು ಅದಲುಬದಲು ಮಾಡುವ ಭಾಗ ಬಿಟ್ಟಿದ್ದೇನೆ. ಒಂದು ವೇಳೆ ಸೊನ್ನೆ ಬಂದರೆ ಅಲ್ಲಿ 1e-10 ಹಾಕು ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು, ಅದನ್ನೂ ಮಾಡಿದ್ದೇನೆ. ಆದರೂ ಲೈಬ್ರರಿಯ ಉತ್ತರವೇ ಬೇರೆ, ನನ್ನದೇ ಬೇರೆ. ಎಲ್ಲಿ ತಪ್ಪಿದೆ?

ಮೊದಲು ಆ 1e-10 ಇರುವ ಸಾಲನ್ನು ಅಳಿಸಿ, ಆಮೇಲೆ ಮುಂದೆ ಓದಿ. ಆ ವಿಡಿಯೋ ಯಾರದ್ದೋ ಗೊತ್ತಿಲ್ಲ, ಆದರೆ ಈ ನಾಟಿ ವೈದ್ಯ ನನಗೆ ಬರುವ ಪ್ರಶ್ನೆಗಳಲ್ಲಿ ಪದೇ ಪದೇ ಕಾಣಿಸುತ್ತಿದೆ. ಪಿವೋಟ್, ಅಂದರೆ ಪ್ರತಿ ಹಂತದಲ್ಲಿ ಭಾಗಿಸಲು ಬಳಸುವ ಕರ್ಣದ ಸಂಖ್ಯೆ, ಸೊನ್ನೆಯಾದರೆ ಪ್ರೋಗ್ರಾಂ ನಿಂತುಹೋಗುತ್ತದೆ, ಇಲ್ಲವೇ inf, nan ತೋರಿಸುತ್ತದೆ, ಏನೋ ಎಡವಟ್ಟಾಗಿದೆ ಅಂತ ನಿಮಗೆ ಗೊತ್ತಾಗುತ್ತದೆ. ಅಲ್ಲಿ ಚಿಕ್ಕ ಸಂಖ್ಯೆ ತುರುಕಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ. ಸುಮ್ನೆ ತಪ್ಪು ಉತ್ತರ ಕೊಟ್ಟು ಮುಗಿಸುತ್ತದೆ.

ಎರಡು ಸಮೀಕರಣ ತೆಗೆದುಕೊಳ್ಳೋಣ. ಪ್ರತಿ ಲೆಕ್ಕದ ನಂತರ ಮೂರೇ ಅಂಕಿ ಉಳಿಸಿಕೊಳ್ಳುವ ಕಂಪ್ಯೂಟರ್ ನಮ್ಮದು ಅಂದುಕೊಳ್ಳಿ. ನಿಮ್ಮದು ಸುಮಾರು ಹದಿನಾರು ಅಂಕಿ ಉಳಿಸಿಕೊಳ್ಳುತ್ತದೆ, ಆದರೆ ನಡೆಯುವುದು ಇದೇ.

```
0.0002x + 2y = 4
      x +  y = 5
```

ನಿಜವಾದ ಉತ್ತರ x = 3.0003, y = 1.9997. ಪಿವೋಟ್ 0.0002, ಸೊನ್ನೆಯಂತೂ ಅಲ್ಲ. ಹಾಗಾಗಿ ನಿಮ್ಮ ಪ್ರೋಗ್ರಾಂ ಮೊದಲ ಸಾಲನ್ನು 1/0.0002, ಅಂದರೆ 5000ರಿಂದ ಗುಣಿಸಿ ಎರಡನೆಯದರಿಂದ ಕಳೆಯುತ್ತದೆ. y ಮುಂದಿನ ಸಂಖ್ಯೆ 1 − 10000 = −9999. ಮೂರಂಕಿಗೆ ಇಳಿಸಿದರೆ −10000. ಬಲಗಡೆ 5 − 20000 = −19995, ಅದು −20000 ಆಗುತ್ತದೆ. ಭಾಗಿಸಿದರೆ y = 2. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಈ y ಅನ್ನು ಮೊದಲ ಸಮೀಕರಣಕ್ಕೆ ಹಾಕಿ: x = (4 − 4)/0.0002 = 0. ಮೂರು ಬರಬೇಕಾದ ಕಡೆ ಸೊನ್ನೆ ಬಂತು.

"ಚಿಕ್ಕ ಸಂಖ್ಯೆಯಿಂದ ಭಾಗಿಸಿದೆವು, ಅದಕ್ಕೇ ಕೆಟ್ಟಿತು" ಅಂತ ಬಹಳ ಜನ ಇಲ್ಲಿಗೇ ವಿವರಣೆ ಮುಗಿಸುತ್ತಾರೆ. ಭಾಗಾಕಾರದಲ್ಲಿ ಏನೂ ತಪ್ಪಾಗಿಲ್ಲ. 5000 ಸರಿಯಾಗೇ ಬಂದಿದೆ. ಕೆಟ್ಟಿದ್ದು ಅದರ ಮುಂದಿನ ಕಳೆಯುವ ಲೆಕ್ಕದಲ್ಲಿ. 1 − 10000 ಅಂದಾಗ ಆ 1 ಪೂರ್ತಿ ಅಳಿಸಿಹೋಯಿತು. ಬಲಗಡೆಯ 5 ಕೂಡ ಹಾಗೇ ಹೋಯಿತು. ಎರಡನೇ ಸಮೀಕರಣದ ಸ್ವಂತ ಮಾಹಿತಿ ಇದ್ದದ್ದೇ ಆ ಎರಡು ಸಂಖ್ಯೆಗಳಲ್ಲಿ. ಅವು ಹೋದ ಮೇಲೆ ಉಳಿದದ್ದು ಮೊದಲ ಸಮೀಕರಣದ ದೊಡ್ಡದಾದ ನಕಲು ಮಾತ್ರ.

ಇದನ್ನು ಪರೀಕ್ಷಿಸಲೂಬಹುದು. ಗುಣಕಗಳನ್ನು ಇಟ್ಟುಕೊಂಡ ಮ್ಯಾಟ್ರಿಕ್ಸ್ L, ಎಲಿಮಿನೇಷನ್ ಮುಗಿದಾಗ ಉಳಿದ ಮ್ಯಾಟ್ರಿಕ್ಸ್ U, ಇವೆರಡನ್ನೂ ಮತ್ತೆ ಗುಣಿಸಿ ನೋಡಿ. ಕೆಳಗಿನ ಮೂಲೆಯಲ್ಲಿ 5000 × 2 − 10000 = 0 ಬರುತ್ತದೆ. ಅಲ್ಲಿ ಇರಬೇಕಾದದ್ದು 1. ಅಂದರೆ ನಿಮ್ಮ ಪ್ರೋಗ್ರಾಂ ನೀವು ಕೊಟ್ಟ ಲೆಕ್ಕವನ್ನು ಬಿಡಿಸಲೇ ಇಲ್ಲ. ಮೂಲೆಯಲ್ಲಿ 1ರ ಬದಲು 0 ಇರುವ ಬೇರೆ ಲೆಕ್ಕವನ್ನು ಬಿಡಿಸಿತು.

ಈಗ ಸಾಲು ಅದಲುಬದಲು ಮಾಡಿ. ಗುಣಕ 0.0002 ಆಗುತ್ತದೆ. 2 − 0.0002 ಅನ್ನು ಮೂರಂಕಿಗೆ ಇಳಿಸಿದರೆ 2, ಬಲಗಡೆ 4 − 0.001 ಇಳಿದು 4. y = 2, x = 5 − 2 = 3. ಇಲ್ಲೂ ಅಂಕಿಗಳು ಕಳೆದುಹೋಗಿವೆ, ಆದರೆ ಹೋದದ್ದು 0.0002ರಷ್ಟು ಮಾತ್ರ. L, U ಗುಣಿಸಿದರೆ 2 ಇರಬೇಕಾದ ಕಡೆ 2.0002 ಬರುತ್ತದೆ. ಅಷ್ಟು ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎರಡು ದಾರಿಗೂ ಇರುವ ವ್ಯತ್ಯಾಸವನ್ನು ಅಳೆಯುವುದೇ ಗ್ರೋತ್ ಫ್ಯಾಕ್ಟರ್. ಎಲಿಮಿನೇಷನ್ ನಡೆಯುವಾಗ ಮಧ್ಯದಲ್ಲಿ ಬಂದ ಅತಿ ದೊಡ್ಡ ಸಂಖ್ಯೆಯನ್ನು, ಮೂಲ ಮ್ಯಾಟ್ರಿಕ್ಸ್‌ನ ಅತಿ ದೊಡ್ಡ ಸಂಖ್ಯೆಯಿಂದ ಭಾಗಿಸಿ. ಮೊದಲ ದಾರಿಯಲ್ಲಿ 10000/2 = 5000. ಎರಡನೆಯದರಲ್ಲಿ 1. ರೌಂಡಿಂಗ್ ತಪ್ಪು ಯಾವಾಗಲೂ ಆ ಹೊತ್ತಿಗೆ ಕೈಯಲ್ಲಿರುವ ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಇರುತ್ತದೆ. ಸಂಖ್ಯೆ 10000ಕ್ಕೆ ಬೆಳೆದರೆ ತಪ್ಪೂ ಅದರ ಜೊತೆ ಬೆಳೆಯುತ್ತದೆ, ಮೂಲದ ಚಿಕ್ಕ ಸಂಖ್ಯೆಗಳನ್ನು ನುಂಗುತ್ತದೆ. ಬ್ರಿಟಿಷ್ ಗಣಿತಜ್ಞ ವಿಲ್ಕಿನ್ಸನ್ 1961ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ನಿಮಗೆ ಸಿಗುವ ಉತ್ತರ, ಸ್ವಲ್ಪ ಬದಲಾದ ಮ್ಯಾಟ್ರಿಕ್ಸ್ ಒಂದಕ್ಕೆ ಸರಿಯಾದ ಉತ್ತರವೇ. ಎಷ್ಟು ಬದಲಾದ ಮ್ಯಾಟ್ರಿಕ್ಸ್ ಅನ್ನುವುದು ಗ್ರೋತ್ ಫ್ಯಾಕ್ಟರ್ ಮತ್ತು ಒಂದು ರೌಂಡಿಂಗ್‌ನ ಗಾತ್ರ, ಈ ಎರಡರ ಗುಣಲಬ್ಧದ ಮೇಲೆ ನಿಂತಿದೆ. ಮ್ಯಾಟ್ರಿಕ್ಸ್‌ನ ಅಳತೆ n ಕೂಡ ಆ ಮಿತಿಯಲ್ಲಿ ಬರುತ್ತದೆ, ಆದರೆ ಅದು ಅತಿ ಎಚ್ಚರಿಕೆಯ ಲೆಕ್ಕ, ಅದಕ್ಕೆ ಹೆದರಬೇಡಿ. ನಮ್ಮ ಮೂರಂಕಿ ಕಂಪ್ಯೂಟರ್‌ನಲ್ಲಿ ಒಂದು ರೌಂಡಿಂಗ್ ಅಂದರೆ 0.005. ಅದನ್ನು 5000ದಿಂದ ಗುಣಿಸಿದರೆ 25. ಇದು 1 ದಾಟಿದ ಮೇಲೆ ಯಾವ ಅಂಕಿಗೂ ಖಾತ್ರಿ ಇಲ್ಲ.

ಈಗ ನಿಮ್ಮ 1e-10ಕ್ಕೆ ಬನ್ನಿ. ಉಳಿದ ಸಂಖ್ಯೆಗಳು 1ರ ಆಸುಪಾಸು ಇದ್ದರೆ ಗ್ರೋತ್ 10ರ ಘಾತ 10ರಷ್ಟಾಗುತ್ತದೆ. ಹದಿನಾರು ಅಂಕಿಯಲ್ಲಿ ಹತ್ತು ಹೋಯಿತು. ಆರು ಅಂಕಿ ಉಳಿಯಿತಲ್ಲ ಅನ್ನಬೇಡಿ. ಅದನ್ನು 1e-16 ಮಾಡಿದರೆ "ಇನ್ನೂ ನಿಖರ" ಆಗುತ್ತದೆ ಅಂತ ನಂಬುವವರಿದ್ದಾರೆ. ಹಾಗೆ ಮಾಡಿದರೆ ಒಂದೂ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. "ದೊಡ್ಡ ಪಿವೋಟ್ ಒಳ್ಳೇದು, ಚಿಕ್ಕದು ಕೆಟ್ಟದ್ದು" ಅಂತ ಬಾಯಿಪಾಠ ಮಾಡಬೇಡಿ. ಮೇಲಿನ ಮೊದಲ ಸಮೀಕರಣವನ್ನೇ 10000ರಿಂದ ಗುಣಿಸಿ: 2x + 20000y = 40000. ಈಗ ಪಿವೋಟ್ 2, ಕೆಳಗಿರುವುದು 1. ಕಾಲಂನಲ್ಲಿ ಅತಿ ದೊಡ್ಡ ಸಂಖ್ಯೆ ಇರುವ ಸಾಲನ್ನು ಮೇಲಕ್ಕೆ ತರುವ ಪಾರ್ಶಿಯಲ್ ಪಿವೋಟಿಂಗ್ ಇಲ್ಲಿ ಸಾಲು ಬದಲಿಸುವುದೇ ಇಲ್ಲ. ಲೆಕ್ಕ ಮಾಡಿ ನೋಡಿ, ಮತ್ತೆ x = 0 ಬರುತ್ತದೆ. ಇದರ ಜೊತೆಗೆ ಗ್ರೋತ್ ಫ್ಯಾಕ್ಟರ್ 20000/20000, ಅಂದರೆ 1, ಏನೂ ಆಗಿಲ್ಲ ಅನ್ನುತ್ತದೆ. 20000ರ ಪಕ್ಕದಲ್ಲಿ 1 ಕಳೆದುಹೋದರೆ ಅದಕ್ಕೆ ಲೆಕ್ಕವೇ ಇಲ್ಲ. ಏರುಪೇರಾಗಿದ್ದು ಕಂಡೀಷನ್ ನಂಬರ್, ಅಂದರೆ ಕೊಟ್ಟ ಸಂಖ್ಯೆಗಳ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ದೊಡ್ಡದಾಗಬಹುದು ಅನ್ನುವ ಅಳತೆ. ಮೊದಲು ಸುಮಾರು 3 ಇದ್ದದ್ದು ಈಗ 20000 ಆಗಿದೆ. ಒಂದು ಸಾಲು ಮೀಟರ್‌ನಲ್ಲಿ, ಇನ್ನೊಂದು ಮೈಕ್ರಾನ್‌ನಲ್ಲಿ ಬರೆದ ಮ್ಯಾಟ್ರಿಕ್ಸ್‌ಗಳಲ್ಲಿ ಹೀಗೇ ಆಗುತ್ತದೆ. ಪಿವೋಟ್ ಹೋಲಿಸುವ ಮೊದಲು ಪ್ರತಿ ಸಂಖ್ಯೆಯನ್ನೂ ಅದರ ಸಾಲಿನ ಅತಿ ದೊಡ್ಡ ಸಂಖ್ಯೆಯಿಂದ ಭಾಗಿಸಿದರೆ 0.0001 ಎದುರಿಗೆ 1 ನಿಲ್ಲುತ್ತದೆ, ಸಾಲು ಬದಲಾಗುತ್ತದೆ. ಆದರೆ ನಾನು ಇದನ್ನು ಕಣ್ಣು ಮುಚ್ಚಿ ಹಾಕುವುದಿಲ್ಲ. ಮೊದಲು ಅಳತೆಯ ಘಟಕಗಳನ್ನು ಸರಿ ಮಾಡಿಕೊಳ್ಳಿ.

ತಪ್ಪು ಪಿವೋಟಿಂಗ್‌ನದೋ, ಲೆಕ್ಕವೇ ಸೂಕ್ಷ್ಮವೋ ಅಂತ ತಿಳಿಯಲು ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ. x = 0, y = 2 ಹಾಕಿದರೆ ಎರಡನೇ ಸಾಲಿನಲ್ಲಿ 5 ಬರಬೇಕಾದ ಕಡೆ 2 ಬರುತ್ತದೆ, ಮೂರರ ವ್ಯತ್ಯಾಸ. ವ್ಯತ್ಯಾಸ ಇಷ್ಟು ದೊಡ್ಡದಿದ್ದರೆ ಎಲಿಮಿನೇಷನ್ ಕೆಟ್ಟಿದೆ. ವ್ಯತ್ಯಾಸ ತೀರಾ ಚಿಕ್ಕದಿದ್ದೂ ಉತ್ತರ ತಪ್ಪಿದ್ದರೆ ಕಂಡೀಷನ್ ನಂಬರ್ ನೋಡಿ, ಅದಕ್ಕೆ ಪಿವೋಟಿಂಗ್‌ನಲ್ಲಿ ಮದ್ದಿಲ್ಲ.

ಪ್ರಶ್ನೆ: ಪಾರ್ಶಿಯಲ್ ಪಿವೋಟಿಂಗ್ ಹಾಕಿದ ಮೇಲೆ ಗ್ರೋತ್ ಬಗ್ಗೆ ಯೋಚನೆ ಬಿಡಬಹುದಾ?

ಹೆಚ್ಚುಕಡಿಮೆ ಬಿಡಬಹುದು. ಆದರೆ ಖಾತ್ರಿ ಕೇಳಬೇಡಿ. ಪ್ರತಿ ಹಂತದಲ್ಲಿ ಗುಣಕ 1 ಮೀರುವುದಿಲ್ಲ, ಆದ್ದರಿಂದ ಸಂಖ್ಯೆ ಹೆಚ್ಚೆಂದರೆ ಎರಡರಷ್ಟಾಗುತ್ತದೆ. ಆದರೆ ಪ್ರತಿ ಹಂತದಲ್ಲೂ ಎರಡರಷ್ಟಾದರೆ? ಕರ್ಣದಲ್ಲಿ 1, ಅದರ ಕೆಳಗೆಲ್ಲ −1, ಕೊನೆಯ ಕಾಲಂನಲ್ಲಿ 1, ಉಳಿದಲ್ಲಿ 0 ಇರುವ ಮ್ಯಾಟ್ರಿಕ್ಸ್ ಬರೆದುಕೊಳ್ಳಿ. ಅದಲುಬದಲಿಗೆ ಅವಕಾಶವೇ ಇಲ್ಲ. ಕೊನೆಯ ಕಾಲಂ 1, 2, 4, 8 ಅಂತ ಬೆಳೆಯುತ್ತಾ ಹೋಗುತ್ತದೆ. 60ರ ಅಳತೆಯಲ್ಲಿ ಕೊನೆಯ ಮೂಲೆ 2ರ ಘಾತ 59.

ಈಗ ಮೂಲ ಮ್ಯಾಟ್ರಿಕ್ಸ್‌ನ ಆ ಮೂಲೆಯಲ್ಲಿ 1ರ ಬದಲು 2 ಇಡಿ. ಎಲಿಮಿನೇಷನ್ ಮುಗಿದಾಗ ಅಲ್ಲಿ 2ರ ಘಾತ 59ಕ್ಕೆ 1 ಸೇರಿಸಿದ ಸಂಖ್ಯೆ ಬರಬೇಕು. ಡಬಲ್ ಪ್ರಿಸಿಷನ್‌ನಲ್ಲಿ ಅಷ್ಟು ದೊಡ್ಡ ಸಂಖ್ಯೆಯ ಪಕ್ಕದ 1 ಉಳಿಯುವುದಿಲ್ಲ. ಎರಡೂ ಮ್ಯಾಟ್ರಿಕ್ಸ್‌ಗೆ ಒಂದೇ U, ಒಂದೇ ಬಲಗಡೆ ಕೊಟ್ಟರೆ ಒಂದೇ ಉತ್ತರ. ಆದರೆ ಮೊದಲನೆಯದಕ್ಕೆ ಎಲ್ಲ ಉತ್ತರಗಳೂ 1 ಆಗುವಂತೆ ಬಲಗಡೆ ಇಟ್ಟರೆ, ಎರಡನೆಯದರಲ್ಲಿ 59ನೇ ಸಂಖ್ಯೆ ನಿಜವಾಗಿ 1.5 ಆಗಬೇಕು. ಇಲ್ಲಿ ಕಂಡೀಷನ್ ನಂಬರ್ ಏನೂ ದೊಡ್ಡದಿಲ್ಲ, ತಪ್ಪು ಪೂರ್ತಿ ಗ್ರೋತ್‌ನದು.

"ಇಂಥದ್ದು ಪುಸ್ತಕದಲ್ಲಿ ಮಾತ್ರ" ಅನ್ನುವವರಿಗೆ: 1993ರಲ್ಲಿ ರೈಟ್ ಅವರು ಬೌಂಡರಿ ವ್ಯಾಲ್ಯೂ ಸಮಸ್ಯೆಗಳಿಂದ ಸಹಜವಾಗಿ ಬರುವ ಮ್ಯಾಟ್ರಿಕ್ಸ್‌ಗಳಲ್ಲೇ ಇದೇ ಥರದ ಬೆಳವಣಿಗೆ ತೋರಿಸಿದರು. ಇಂಥವು ಅಪರೂಪ ಅನ್ನುವುದು ನಿಜ. ರ‍್ಯಾಂಡಮ್ ಮ್ಯಾಟ್ರಿಕ್ಸ್‌ಗಳಲ್ಲಿ ಗ್ರೋತ್ ಸರಾಸರಿ n ನ ಮೂರನೇ ಎರಡರ ಘಾತದಷ್ಟು ಅಂತ ಟ್ರೆಫೆಥನ್ ಮತ್ತು ಶ್ರೈಬರ್ 1990ರಲ್ಲಿ ಕಂಡುಕೊಂಡರು. 1000ದ ಅಳತೆಗೆ ಅದು 100ರ ಆಸುಪಾಸು, ಹೆಚ್ಚೆಂದರೆ ಎರಡು ಅಂಕಿ ನಷ್ಟ. ನಾನಂತೂ ಈ ಸಾಲುಗಳನ್ನು ಹಾಕದೆ ಬಿಡುವುದಿಲ್ಲ:

```python
from scipy.linalg import lu
P, L, U = lu(A)
print(abs(U).max() / abs(A).max())
```

ಮಧ್ಯದ ಹಂತಗಳನ್ನೆಲ್ಲ ಇದು ನೋಡುವುದಿಲ್ಲ, U ಮಾತ್ರ ನೋಡುತ್ತದೆ. ದಿನದ ಕೆಲಸಕ್ಕೆ ಸಾಕು. ಉತ್ತರ ಲಕ್ಷ, ಕೋಟಿ ಅಂತ ಬಂದರೆ LU ಬದಲು QR ವಿಧಾನ ಬಳಸಿ, ಲೆಕ್ಕ ಸುಮಾರು ಎರಡರಷ್ಟಾಗುತ್ತದೆ ಅಷ್ಟೇ.

ಪ್ರಶ್ನೆ: ಡಿಟರ್ಮಿನಂಟ್ ತುಂಬಾ ಚಿಕ್ಕದು ಬಂತು, ಮ್ಯಾಟ್ರಿಕ್ಸ್ ಕೆಟ್ಟದ್ದು ಅಂತ ತಾನೇ?

ಅಲ್ಲ. ಕರ್ಣದಲ್ಲೆಲ್ಲ 0.1, ಉಳಿದಲ್ಲೆಲ್ಲ 0 ಇರುವ 100ರ ಅಳತೆಯ ಮ್ಯಾಟ್ರಿಕ್ಸ್‌ಗೆ ಡಿಟರ್ಮಿನಂಟ್ 10ರ ಘಾತ −100, ಅದಕ್ಕಿಂತ ಸುಲಭದ ಲೆಕ್ಕ ಇನ್ನೊಂದಿಲ್ಲ.

ಪ್ರಶ್ನೆ: ಸಾಲು, ಕಾಲಂ ಎರಡನ್ನೂ ಅದಲುಬದಲು ಮಾಡುವ ಕಂಪ್ಲೀಟ್ ಪಿವೋಟಿಂಗ್‌ನಲ್ಲಿ ಗ್ರೋತ್ n ಮೀರಲ್ಲ ಅಂತ ನೋಟ್ಸ್‌ನಲ್ಲಿದೆ. ನಿಜವಾ?

ಆ ನೋಟ್ಸ್ ಹಳೇದು. 1991ರಲ್ಲಿ ಗೌಲ್ಡ್ 13ರ ಅಳತೆಯ ಮ್ಯಾಟ್ರಿಕ್ಸ್‌ನಲ್ಲಿ 13 ದಾಟಿಸಿ ತೋರಿಸಿದರು.

ಪ್ರಶ್ನೆ: ನನ್ನದು ಸಿಮೆಟ್ರಿಕ್ ಪಾಸಿಟಿವ್ ಡೆಫಿನಿಟ್. ಪಿವೋಟಿಂಗ್ ಬೇಕಾ?

ಬೇಡ. ಅಲ್ಲಿ ಗ್ರೋತ್ 1 ದಾಟುವುದಿಲ್ಲ, ಚೊಲೆಸ್ಕಿ ಬಳಸಿ. ಆದರೆ ಪಾಸಿಟಿವ್ ಡೆಫಿನಿಟ್ ಹೌದಾ ಅಂತ ಮೊದಲು ನೋಡಿಕೊಳ್ಳಿ. ನನಗೆ ಕಳಿಸುವವರಲ್ಲಿ ಹಲವರದ್ದು ಬರೀ ಸಿಮೆಟ್ರಿಕ್ ಆಗಿರುತ್ತದೆ.