ಥಂಬ್‌ನೇಲ್ ಬರಹಕ್ಕೂ ಟೈಟಲ್‌ಗೂ ಕೆಲಸ ಹಂಚುವುದು ಹೇಗೆ

ಪ್ರಶ್ನೆ: ಲ್ಯಾಪ್‌ಟಾಪ್ ರಿಪೇರಿ ವಿಡಿಯೊ ಮಾಡ್ತೀನಿ. ಟೈಟಲ್‌ನಲ್ಲಿ ಇರೋದನ್ನೇ ಥಂಬ್‌ನೇಲ್ ಮೇಲೂ ಬರೆದ್ರೆ ಸುಮ್ನೆ ಜಾಗ ವೇಸ್ಟ್ ಅನ್ಸುತ್ತೆ. ಬೇರೆ ಏನಾದ್ರೂ ಬರೆದ್ರೆ "ಇದು ಯಾವುದರ ಬಗ್ಗೆ ವಿಡಿಯೊ?" ಅಂತ ಜನ ಕೇಳ್ತಾರೆ. ಏನು ಬರೀಬೇಕು?

ಥಂಬ್‌ನೇಲ್ ಮಾಡಿಕೊಡುವುದೇ ನನ್ನ ಕೆಲಸ. ನಿಮ್ಮದೇ ವಿಷಯದ ಒಂದು ವಿಡಿಯೊ ಇಟ್ಟುಕೊಂಡು ಹೇಳುತ್ತೇನೆ. ಒಂದು ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗುತ್ತಿದೆ. ನೀವು ಹಿಂದಿನ ಮುಚ್ಚಳ ಬಿಚ್ಚಿ, ಫ್ಯಾನಿನ ಧೂಳು ತೆಗೆದು, ಪ್ರೊಸೆಸರ್ ಮೇಲೆ ಒಣಗಿಹೋದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚುತ್ತೀರಿ. ಮೊದಲು ಭಾರಿ ಕೆಲಸ ಕೊಟ್ಟಾಗ 96 ಡಿಗ್ರಿ ತೋರಿಸುತ್ತಿದ್ದದ್ದು, ಈಗ ಅದೇ ಕೆಲಸಕ್ಕೆ 78 ಡಿಗ್ರಿ ತೋರಿಸುತ್ತಿದೆ ಅಂತಿಟ್ಟುಕೊಳ್ಳಿ.

ಮೊದಲು ಟೈಟಲ್ ಬರೆದುಬಿಡಿ. ಜನ ಹುಡುಕುವಾಗ ಟೈಪ್ ಮಾಡುವ ಪದಗಳು ಅಲ್ಲೇ ಇರಬೇಕು. ಥಂಬ್‌ನೇಲ್ ಮೇಲೆ ಎಷ್ಟು ದೊಡ್ಡದಾಗಿ ಬರೆದರೂ ಟೈಟಲ್‌ನಲ್ಲಿ ಆ ಪದ ಇಲ್ಲದ ಕೊರತೆಯನ್ನು ಅದು ತುಂಬುತ್ತದೆ ಅಂತ ನಂಬಬೇಡಿ. ಹಾಗಾಗಿ ಟೈಟಲ್: "ಲ್ಯಾಪ್‌ಟಾಪ್ ಬಿಸಿಯಾಗ್ತಿದೆಯಾ? ಥರ್ಮಲ್ ಪೇಸ್ಟ್ ಬದಲಿಸುವ ವಿಧಾನ". ವಿಷಯ ಏನು ಅನ್ನುವುದು ಇಲ್ಲಿ ಮುಗಿಯಿತು. ಫೋಟೊ: ಮುಚ್ಚಳ ತೆಗೆದ ಲ್ಯಾಪ್‌ಟಾಪ್, ಧೂಳು ಮೆತ್ತಿದ ಫ್ಯಾನ್, ಹತ್ತಿರದಿಂದ. ಈಗ ಅದರ ಮೇಲೆ ಏನು ಬರೆಯುವುದು?

ಕೈಗೆ ಮೊದಲು ಬರುವುದು "ಥರ್ಮಲ್ ಪೇಸ್ಟ್ ಬದಲಿಸುವ ವಿಧಾನ". ನೀವು ಹೇಳಿದ ಹಾಗೆ ಇದು ವೇಸ್ಟ್. ಆದರೆ ಜಾಗ ಹೋಗುವುದು ಮಾತ್ರ ಅಲ್ಲ ನಷ್ಟ. ನೋಡುವವರ ಕಣ್ಣು ಹೆಚ್ಚಾಗಿ ಫೋಟೊ ನೋಡಿ, ಅದರ ಮೇಲಿನ ಬರಹ ಓದಿ, ಆಮೇಲೆ ಟೈಟಲ್‌ಗೆ ಇಳಿಯುತ್ತದೆ. ಅಲ್ಲಿ ಮತ್ತೆ ಅದೇ ಮಾತು ಸಿಕ್ಕಿದರೆ, ನಿಲ್ಲಲು ಹೊಸ ಕಾರಣ ಏನೂ ಸಿಕ್ಕ ಹಾಗಾಗಲಿಲ್ಲ. ಬೆರಳು ಮುಂದಕ್ಕೆ ಸರಿಸುತ್ತದೆ.

ಎರಡನೆಯದು, ಎಲ್ಲರೂ ಬರೆಯುವ "ಈ ತಪ್ಪು ಮಾಡಬೇಡಿ!" ನನಗಂತೂ ಇದನ್ನು ಕಂಡರೆ ಆಗುವುದಿಲ್ಲ. ಯಾವ ತಪ್ಪು? ಕೆಳಗೆ ಪೇಸ್ಟ್ ಬದಲಿಸುವ ವಿಧಾನ ಅಂತಿದೆ. ಹಾಗಾದರೆ ಪೇಸ್ಟ್ ಬದಲಿಸುವುದೇ ತಪ್ಪಾ? ಜಾಸ್ತಿ ಹಚ್ಚುವುದು ತಪ್ಪಾ? ಮನೆಯಲ್ಲೇ ಬಿಚ್ಚುವುದು ತಪ್ಪಾ? ನೋಡುವವರು ಈ ಮೂರರಲ್ಲಿ ಒಂದನ್ನು ಊಹಿಸಿಕೊಂಡು ಒಳಗೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ನಿಮ್ಮನ್ನು ಜನ ಕೇಳುತ್ತಿರುವ ಪ್ರಶ್ನೆ ಬಹುಶಃ ಇಂಥ ಬರಹದಿಂದಲೇ ಹುಟ್ಟಿದೆ. "ಈ", "ಇದು", "ಹೀಗೆ" ಅಂತ ಬರೆದರೆ ಅದು ಫೋಟೊದಲ್ಲಿ ಕಾಣುವ ವಸ್ತುವನ್ನೇ ತೋರಿಸುತ್ತಿರಬೇಕು. ಫ್ಯಾನಿನ ಧೂಳಿಗೆ ಬಾಣ ಹಾಕಿ "ಇದೇ ಕಾರಣ" ಅಂದರೆ ಸರಿ. ಎಲ್ಲೂ ಕಾಣದ ಯಾವುದೋ ಒಂದಕ್ಕೆ "ಈ" ಅಂದರೆ ಗೊಂದಲ.

ಮೂರನೆಯದು, "ಒಂದು ರೂಪಾಯಿ ಖರ್ಚಿಲ್ಲ!" ಇದರಲ್ಲಿ ಗೊಂದಲಕ್ಕಿಂತ ಜಗಳ ಜಾಸ್ತಿ. ಪೇಸ್ಟ್ ಕೊಳ್ಳಲೇಬೇಕಲ್ಲ. ಧೂಳು ತೆಗೆಯುವುದಕ್ಕೆ ಖರ್ಚಿಲ್ಲ ಅನ್ನುವುದು ನಿಮ್ಮ ಮನಸ್ಸಿನಲ್ಲಿರಬಹುದು, ಆದರೆ ಟೈಟಲ್ ಪೇಸ್ಟ್ ಬಗ್ಗೆ ಮಾತಾಡುತ್ತಿದೆ. ಥಂಬ್‌ನೇಲ್ ಒಂದು ವಿಡಿಯೊ, ಟೈಟಲ್ ಇನ್ನೊಂದು ವಿಡಿಯೊ ಅನ್ನುವ ಹಾಗಾಯಿತು. ಖರ್ಚಿಲ್ಲದ ದಾರಿ ಬೇಕಿದ್ದವರು ಬಂದು ಅರ್ಧ ನಿಮಿಷದಲ್ಲಿ ಹೋಗುತ್ತಾರೆ. ಪೇಸ್ಟ್ ಹಚ್ಚುವುದು ಕಲಿಯಬೇಕಿದ್ದವರು ಇದು ತಮಗಲ್ಲ ಅಂದುಕೊಳ್ಳುತ್ತಾರೆ.

ನಾನಾದರೆ "96° → 78°" ಅಂತ ಬರೆಯುತ್ತೇನೆ, ಅಷ್ಟೇ. ಏನು ಮಾಡುವುದು ಅಂತ ಟೈಟಲ್ ಹೇಳಿತು. ಮಾಡಿದರೆ ಏನಾಗುತ್ತದೆ ಅಂತ ಥಂಬ್‌ನೇಲ್ ಹೇಳಿತು. ಒಂದು ಪದವೂ ಎರಡು ಸಲ ಬಂದಿಲ್ಲ, ಆದರೂ ಎರಡೂ ಒಂದೇ ವಿಡಿಯೊದ ಮಾತು ಅಂತ ತಕ್ಷಣ ಗೊತ್ತಾಗುತ್ತದೆ. ಫಲಿತಾಂಶ, ಬೇಕಾಗುವ ಸಮಯ, ಎದುರಾಗುವ ತೊಡಕು ಇವೆಲ್ಲ ಥಂಬ್‌ನೇಲ್‌ಗೆ ಒಳ್ಳೆಯ ಸಾಮಗ್ರಿ, ಯಾಕೆಂದರೆ ಇವು ಸಾಮಾನ್ಯವಾಗಿ ಟೈಟಲ್‌ನಲ್ಲಿ ಹಿಡಿಸುವುದಿಲ್ಲ. ಒಂದು ಷರತ್ತು: ಆ ಎರಡು ಅಂಕಿ ವಿಡಿಯೊ ಶುರುವಾದ ಕೂಡಲೇ ಪರದೆ ಮೇಲೆ ಕಾಣಬೇಕು. ಅಳತೆಯೂ ಒಂದೇ ಕೆಲಸ ಕೊಟ್ಟು ಮಾಡಿದ್ದಾಗಿರಬೇಕು. ಬರೀ ಬ್ರೌಸರ್ ತೆರೆದಿಟ್ಟು 78 ತೋರಿಸಿದರೆ ಕಾಮೆಂಟಿನಲ್ಲಿ ಹಿಡಿಯುವವರು ಇದ್ದೇ ಇರುತ್ತಾರೆ.

ಹೀಗೆ ಬರೆದ ಮೇಲೆ ಎರಡನ್ನೂ ಅದಲುಬದಲು ಮಾಡಿ ಓದಿ ನೋಡಿ. ಯೂಟ್ಯೂಬ್‌ನ ಮುಖಪುಟದಲ್ಲಿ ಟೈಟಲ್ ಥಂಬ್‌ನೇಲ್‌ನ ಕೆಳಗಿರುತ್ತದೆ, ಕಂಪ್ಯೂಟರಿನಲ್ಲಿ ವಿಡಿಯೊ ನೋಡುವಾಗ ಬದಿಯ ಪಟ್ಟಿಯಲ್ಲಿ ಬಲಕ್ಕಿರುತ್ತದೆ. ಯಾರು ಯಾವುದನ್ನು ಮೊದಲು ಓದುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. "96° → 78°, ಥರ್ಮಲ್ ಪೇಸ್ಟ್ ಬದಲಿಸುವ ವಿಧಾನ" ಅಂದರೂ ಸರಿ, ತಿರುಗಿಸಿ ಓದಿದರೂ ಸರಿ. ಆದರೆ ಥಂಬ್‌ನೇಲ್‌ನಲ್ಲಿ "ಕಾರಣ ಏನು?" ಅಂತ ಕೇಳಿ, ಟೈಟಲ್‌ನಲ್ಲಿ "ಧೂಳಿನಿಂದ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ" ಅಂತ ಬರೆದರೆ ಪ್ರಶ್ನೆಗೆ ಉತ್ತರ ಹೊರಗೇ ಸಿಕ್ಕಿಬಿಟ್ಟಿತು. ಪದಗಳು ಬೇರೆ ಬೇರೆ, ಹಾಗಾಗಿ ಪುನರಾವರ್ತನೆ ಅಲ್ಲ, ಗೊಂದಲವೂ ಇಲ್ಲ. ಆದರೂ ಕ್ಲಿಕ್ ಮಾಡುವ ಅಗತ್ಯವೇ ಉಳಿಯುವುದಿಲ್ಲ. ಈ ಎಡವಟ್ಟು ಬರೆದವರ ಕಣ್ಣಿಗೆ ಬೀಳುವುದು ಕಷ್ಟ, ಯಾಕೆಂದರೆ ಎರಡನ್ನೂ ಒಂದೇ ಹೊತ್ತಿಗೆ ಬರೆದಿರುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಟೈಟಲ್‌ಗೆ 100 ಅಕ್ಷರದವರೆಗೆ ಜಾಗ ಇದೆ, ಆದರೆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎರಡು ಸಾಲು ಆದ ಮೇಲೆ ಮೂರು ಚುಕ್ಕಿ ಬೀಳುತ್ತದೆ. ನಮ್ಮ ಕ್ರಿಯಾಪದ ಬರುವುದು ಕೊನೆಯಲ್ಲಿ, "ಇಲ್ಲ", "ಬೇಡ" ಬರುವುದು ಅದಕ್ಕೂ ಕೊನೆಯಲ್ಲಿ. "ನಿಮ್ಮ ಹಳೇ ಲ್ಯಾಪ್‌ಟಾಪ್ ಎಷ್ಟೇ ಬಿಸಿಯಾದರೂ ಪ್ರತಿ ವರ್ಷ ಥರ್ಮಲ್ ಪೇಸ್ಟ್ ಬದಲಿಸುವ ಅಗತ್ಯ ಇಲ್ಲ" ಅನ್ನುವ ಟೈಟಲ್ "ಪೇಸ್ಟ್ ಬದಲಿಸುವ…" ಅಂತ ತುಂಡಾದರೆ ಅರ್ಥವೇ ತಿರುಗುಮುರುಗು. ಥಂಬ್‌ನೇಲ್ ಮೇಲೆ "ಸುಮ್ನೆ ಖರ್ಚು" ಅಂತಿದ್ದರೆ ಎರಡೂ ಒಂದಕ್ಕೊಂದು ಎದುರು ನಿಂತ ಹಾಗೆ ಕಾಣುತ್ತದೆ. ಅಂಥ ಟೈಟಲ್ ಇದ್ದರೆ ಮುಖ್ಯ ಮಾತನ್ನು ಮುಂದಕ್ಕೆ ತನ್ನಿ: "ಥರ್ಮಲ್ ಪೇಸ್ಟ್ ಪ್ರತಿ ವರ್ಷ ಬೇಕಿಲ್ಲ: …". ಇಲ್ಲವೇ ಆ "ಬೇಕಿಲ್ಲ" ಅನ್ನುವ ಒಂದು ಪದವನ್ನು ಥಂಬ್‌ನೇಲ್ ಮೇಲೆ ಹಾಕಿ. ತುಂಡಾಗಬಹುದಾದ ಪದವನ್ನು ಉಳಿಸಿಕೊಳ್ಳಲು ಒಂದು ಪದ ಮರುಕಳಿಸಿದರೆ ನನ್ನ ತಕರಾರಿಲ್ಲ.

ಒತ್ತಕ್ಷರದ ತೊಂದರೆಯೂ ಇದೆ. 1280×720ರಲ್ಲಿ ಕೂತು ಡಿಸೈನ್ ಮಾಡುವಾಗ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಅದೇ ಚಿತ್ರ ಬದಿಯ ಪಟ್ಟಿಯಲ್ಲಿ ಹೆಬ್ಬೆರಳಿನಷ್ಟಾದಾಗ "ವ್ಯತ್ಯಾಸ"ದ ಕೆಳಗಿನ ಒತ್ತುಗಳು ಬರೀ ಚುಕ್ಕಿ. ಎರಡು ಸಾಲು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಸುತ್ತ ದಪ್ಪ ಅಂಚು ಹಾಕಿದರೆ "ಷ" ಮತ್ತು "ಪ" ಒಂದೇ ಥರ ಕಾಣಲು ಶುರು. ಓದಲಾಗದ ಬರಹವೂ ಗೊಂದಲವೇ ಅಲ್ವಾ? ಎರಡು ಪದ ಸಾಕು, ಮೂರು ಹೆಚ್ಚು. ಅದರಲ್ಲೂ ಒತ್ತು ಕಡಿಮೆ ಇರುವ ಪದ ಆರಿಸಿ. ಬಲಗಡೆ ಕೆಳಮೂಲೆಯಲ್ಲಿ ವಿಡಿಯೊದ ಅವಧಿ ತೋರಿಸುವ ಕಪ್ಪು ಪಟ್ಟಿ ಬಂದು ಕೂರುತ್ತದೆ. ಅಲ್ಲಿ "78°" ಬರೆದಿದ್ದರೆ ನಿಮ್ಮ ಫಲಿತಾಂಶವೇ ಮುಚ್ಚಿಹೋಯಿತು. ಎಡಗಡೆ ಮೇಲ್ಭಾಗ ಸುರಕ್ಷಿತ.

ಹಾಕಿದ ಮೇಲೆ ಸರಿಯಾಗಿದೆಯಾ ಅಂತ ತಿಳಿಯಲು ಸಿಟಿಆರ್, ಅಂದರೆ ಥಂಬ್‌ನೇಲ್ ನೂರು ಸಲ ಕಂಡರೆ ಎಷ್ಟು ಸಲ ಕ್ಲಿಕ್ ಆಯಿತು ಅನ್ನುವ ಅಂಕಿ, ಒಂದನ್ನೇ ನೋಡಬೇಡಿ. ಚಾನೆಲ್ ಮತ್ತು ವಿಡಿಯೊಗಳಲ್ಲಿ ಅರ್ಧದಷ್ಟರ ಸಿಟಿಆರ್ 2ರಿಂದ 10 ಶೇಕಡಾದೊಳಗೆ ಇರುತ್ತದೆ ಅಂತ ಯೂಟ್ಯೂಬೇ ಹೇಳುತ್ತದೆ. ಅದು ಅಷ್ಟು ಅಗಲವಾದ ಪಟ್ಟೆ, ಹಾಗಾಗಿ ಬೇರೆಯವರ ಅಂಕಿಯ ಜೊತೆ ಹೋಲಿಸಿ ಪ್ರಯೋಜನ ಕಡಿಮೆ. ನಿಮ್ಮದೇ ಹಿಂದಿನ ವಿಡಿಯೊಗಳ ಜೊತೆ ಹೋಲಿಸಿ. ಜೊತೆಗೆ ಮೊದಲ 30 ಸೆಕೆಂಡಿನಲ್ಲಿ ಎಷ್ಟು ಜನ ಉಳಿದರು ಅನ್ನುವುದನ್ನೂ ನೋಡಿ. ಸಿಟಿಆರ್ ಏರಿ 30 ಸೆಕೆಂಡಿನ ಗೆರೆ ಕುಸಿದಿದ್ದರೆ ನನ್ನ ಮೊದಲ ಅನುಮಾನ ಬರಹದ ಮೇಲೆ. ಜನ ಅದನ್ನು ಬೇರೆಯಾಗಿ ಅರ್ಥ ಮಾಡಿಕೊಂಡು ಬಂದಿರಬಹುದು. ಎರಡೂ ಕಡಿಮೆ ಇದ್ದರೆ ಬರಹ ಮಾತ್ರ ತಿದ್ದಿ ಉಪಯೋಗವಿಲ್ಲ, ವಿಡಿಯೊದ ಶುರುವನ್ನೂ ನೋಡಬೇಕು. ಹುಡುಕಾಟದಿಂದ ಬಂದವರನ್ನೂ ಮುಖಪುಟದಿಂದ ಬಂದವರನ್ನೂ ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು. ಹುಡುಕಿ ಬಂದವರಿಗೆ ಟೈಟಲ್ಲೇ ಸಾಕಾಗಿರುತ್ತದೆ. ಮುಖಪುಟದಲ್ಲಿ ಸುಮ್ನೆ ಸ್ಕ್ರಾಲ್ ಮಾಡುತ್ತಿದ್ದವರನ್ನು ನಿಲ್ಲಿಸಬೇಕಾದ್ದು ಥಂಬ್‌ನೇಲ್.

ಯೂಟ್ಯೂಬ್ ಸ್ಟುಡಿಯೊದಲ್ಲಿ ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್‌ವರೆಗೆ ಹಾಕಿ ಹೋಲಿಸುವ ಸೌಲಭ್ಯ ಇದೆ. ಅದನ್ನು ಬಳಸುವುದಾದರೆ ಫೋಟೊ, ಬಣ್ಣ ಮುಟ್ಟಬೇಡಿ, ಬರಹ ಮಾತ್ರ ಬದಲಿಸಿ. ಒಂದರಲ್ಲಿ "96° → 78°", ಇನ್ನೊಂದರಲ್ಲಿ ಧೂಳಿಗೆ ಬಾಣ ಹಾಕಿ "ಇದೇ ಕಾರಣ", ಮೂರನೆಯದು ಬರಹವೇ ಇಲ್ಲದ್ದು. ಅಲ್ಲಿ ಗೆಲುವು ತೀರ್ಮಾನವಾಗುವುದು ಕ್ಲಿಕ್ಕಿನಿಂದ ಅಲ್ಲ, ಯಾವ ಥಂಬ್‌ನೇಲ್‌ನಿಂದ ಬಂದವರು ಒಟ್ಟು ಜಾಸ್ತಿ ಹೊತ್ತು ನೋಡಿದರು ಅನ್ನುವುದರಿಂದ. ನಿಮ್ಮ ಪ್ರಶ್ನೆಗೆ ಬೇಕಾದದ್ದೂ ಅದೇ ಅಳತೆ. ನೋಡುವವರ ಸಂಖ್ಯೆ ಕಡಿಮೆ ಇದ್ದರೆ ಫಲಿತಾಂಶ ಸ್ಪಷ್ಟವಾಗದೆ ಮುಗಿಯಬಹುದು. ಆಗ ವಿಡಿಯೊ ನೋಡಿರದ ಒಬ್ಬರಿಗೆ ಫೋನಿನಲ್ಲಿ ಥಂಬ್‌ನೇಲನ್ನೂ ಟೈಟಲನ್ನೂ ಒಟ್ಟಿಗೆ ತೋರಿಸಿ, ತಕ್ಷಣ ಫೋನ್ ತಿರುಗಿಸಿ, "ಒಳಗೆ ಏನಿರಬಹುದು?" ಅಂತ ಕೇಳಿ. ಅವರು ಹೇಳಿದ್ದು ನಿಮ್ಮ ವಿಡಿಯೊದಲ್ಲಿ ಇಲ್ಲ ಅಂದರೆ ಬರಹ ಬದಲಿಸಿ. ಟೈಟಲನ್ನೇ ಒಪ್ಪಿಸಿದರೆ ಥಂಬ್‌ನೇಲ್ ಮೇಲಿನ ಪದಗಳು ಇದ್ದೂ ಇಲ್ಲದಂತೆ, ತೆಗೆದು ಬರೀ ಧೂಳಿನ ಫ್ಯಾನ್ ತೋರಿಸಿದರೂ ನಡೆಯುತ್ತದೆ.